‘ಆ್ಯಪ್ ಸ್ಲೋ’ ಅಂದರೆ ಸಾಲದು

ಒಂದು ಹಾಲಿನ ಸೊಸೈಟಿ ತನಗಾಗಿಯೇ ಬಿಲ್ಲಿಂಗ್ ಆ್ಯಪ್ ಮಾಡಿಸಿತು ಅಂತ ಇಟ್ಕೊಳ್ಳಿ. ಒಪ್ಪಂದದ ಮಾನದಂಡ 4 ಹೀಗಿದೆ: 200 ಜನ ಒಟ್ಟಿಗೆ ಬಳಸಿದಾಗ ನೂರಕ್ಕೆ 95 ಬಿಲ್ 3 ಸೆಕೆಂಡಿನೊಳಗೆ ತೆರೆಯಬೇಕು. ಟೆಸ್ಟಿನಲ್ಲಿ ತೆರೆದದ್ದು 60 ಮಾತ್ರ.

“ಆ್ಯಪ್ ಸ್ಲೋ ಇದೆ” ಅಂತ ಬರೆದರೆ ವೆಂಡರ್ “ನಿಮ್ಮ ನೆಟ್ ಸ್ಲೋ” ಅಂತಾನೆ, ಅಲ್ಲಿಗೆ ಮುಗೀತು. ಅದಕ್ಕೇ ನೋಟಿಸ್ ಹೀಗಿರಬೇಕು:

“ಮಾರ್ಚ್ 3ರ ಟೆಸ್ಟಿನಲ್ಲಿ 200 ಬಳಕೆದಾರರಿದ್ದಾಗ ನೂರಕ್ಕೆ 60 ಬಿಲ್ ಮಾತ್ರ 3 ಸೆಕೆಂಡಿನೊಳಗೆ ತೆರೆದವು. ಮಾನದಂಡ 4 ಈಡೇರಿಲ್ಲ, ಲಾಗ್ ಲಗತ್ತಿಸಿದೆ. ಆದ್ದರಿಂದ ಆ್ಯಪನ್ನು ನಾವು ಸ್ವೀಕರಿಸಿಲ್ಲ. ಒಪ್ಪಂದದಂತೆ ನೋಟಿಸ್ ತಲುಪಿದ 15 ದಿನದೊಳಗೆ ಸರಿಪಡಿಸಿ ಮರುಪರೀಕ್ಷೆಗೆ ಕೊಡಿ. ಒಪ್ಪಂದದಲ್ಲಿರುವ ನಮ್ಮ ಉಳಿದ ಹಕ್ಕುಗಳನ್ನು ಬಿಟ್ಟುಕೊಟ್ಟಿಲ್ಲ.”

ಆ 15 ದಿನ ವೆಂಡರ್‌ಗೆ ಸಿಗುವ ರಿಪೇರಿ ಅವಕಾಶ. ನೋಟಿಸ್ ಮಾರ್ಚ್ 6ಕ್ಕೆ ತಲುಪಿದರೆ ಗಡುವು 21. ಹಾಗಾಗಿ ತಲುಪಿದ್ದಕ್ಕೆ ಪುರಾವೆ ಇಟ್ಕೋಬೇಕು. ಆಮೇಲೆ ಎಲ್ಲ ಮಾನದಂಡಗಳನ್ನೂ ಮತ್ತೆ ಟೆಸ್ಟ್ ಮಾಡಬೇಕು, ಯಾಕಂದ್ರೆ ಒಂದನ್ನು ಸರಿ ಮಾಡೋಕೆ ಹೋಗಿ ಇನ್ನೊಂದು ಕೆಡಬಹುದು. ಆಗಲೂ ಫೇಲ್ ಆದರೆ ಬೆಲೆ ಇಳಿಸೋದೋ, ಒಪ್ಪಂದ ರದ್ದು ಮಾಡೋದೋ ಅನ್ನೋದನ್ನ ಒಪ್ಪಂದದಲ್ಲೇ ನೋಡಬೇಕು.

ಎರಡು ಎಚ್ಚರಿಕೆ. ಖರೀದಿದಾರ ಇಂತಿಷ್ಟು ದಿನ ಸುಮ್ಮನಿದ್ದರೆ, ಅಥವಾ ಆ್ಯಪನ್ನು ನಿಜವಾದ ಬಿಲ್ಲಿಂಗ್‌ಗೆ ಬಳಸಿದರೆ, ‘ಸ್ವೀಕರಿಸಿದಂತೆ’ ಅಂತ ಅನೇಕ ಒಪ್ಪಂದಗಳು ಹೇಳುತ್ತವೆ. ಹಾಗೇ, ಒಪ್ಪಂದದಲ್ಲಿ ಇಲ್ಲದ ವಾಟ್ಸ್ಆ್ಯಪ್ ರಸೀದಿ ಬೇಕು ಅನ್ನಿಸಿದರೆ ಅದು ದೋಷವಲ್ಲ, ಹೊಸ ಕೆಲಸ. ಅದನ್ನ ಈ ನೋಟಿಸ್‌ಗೆ ಸೇರಿಸಬೇಡಿ.