ಒರಟಾದರೂ ಸರಿ, ಉಲ್ಟಾ ಆಗಬಾರದು



ಸುಗಟೂರಿನಿಂದ ನೀನು ತಿದ್ದಿ ಕಳಿಸಿದ ಕ್ರಯದ ಕರಾರು ನೋಡಿದೆ. ಯಂತ್ರ ಕೊಟ್ಟ ಕನ್ನಡಕ್ಕೆ ಪುಟದ ತುಂಬ ಕೆಂಪು ಗುರುತು. ‘ಭೂಮಿ’ ಹೋಗಿ ‘ಜಮೀನು’ ಬಂದಿದೆ, ತುಂಡು ವಾಕ್ಯಗಳು ಕೂಡಿಕೊಂಡಿವೆ. ಮುಂಗಡದ ಕಲಮನ್ನು ಮಾತ್ರ ನೀನು ಮುಟ್ಟಿಯೇ ಇಲ್ಲ. ಅದು ಸಲೀಸಾಗಿ ಓದಿಸಿಕೊಳ್ಳುತ್ತಿತ್ತು, ಅದಕ್ಕೇ. ನನಗೆ ಸಿಟ್ಟು ಬಂದದ್ದೂ ಅದಕ್ಕೇ.

ಅಲ್ಲಿರುವುದು ಇದು: ‘ಹಕ್ಕಿನಲ್ಲಿ ದೋಷ ಕಂಡುಬಂದರೆ ಮಾರುವವರು ಮುಂಗಡವನ್ನು ಹಿಂದಿರುಗಿಸತಕ್ಕದ್ದಲ್ಲ.’ ಇಂಗ್ಲಿಷ್ ಮೂಲದಲ್ಲಿದ್ದದ್ದರ ಅರ್ಥ ‘ಕಂಡುಬಂದ ಹೊರತು’. ‘ಹೊರತು’ ಬಿದ್ದುಹೋದ ಮೇಲೆ, ಯಾವ ಸಂದರ್ಭದಲ್ಲಿ ಕೊಳ್ಳುವವನಿಗೆ ದುಡ್ಡು ವಾಪಸು ಬರಬೇಕಿತ್ತೋ ಅದೇ ಸಂದರ್ಭದಲ್ಲಿ ಅದು ಮುಳುಗುತ್ತದೆ. ವ್ಯಾಕರಣ ಕೆಟ್ಟಿಲ್ಲ, ಕಿವಿಗೂ ಚುಚ್ಚುವುದಿಲ್ಲ. ಹೀಗಾಗಿ ಕನ್ನಡವನ್ನಷ್ಟೇ ಓದಿ ಇಂಥ ತಪ್ಪು ಹಿಡಿಯಲಾಗದು. ಮೂಲವನ್ನು ಪಕ್ಕದಲ್ಲಿಟ್ಟು ಯಾರು, ಏನು, ಎಷ್ಟು, ಯಾವಾಗ, ತಪ್ಪಿದರೆ ಏನು ಎಂದು ಪ್ರತಿ ಕಲಮಿಗೂ ಕೇಳಬೇಕು. ಇವುಗಳಲ್ಲಿ ಯಾವುದೊಂದರ ಉತ್ತರ ಬದಲಾದರೂ ಅದು ಗಂಭೀರ ತಪ್ಪು. ‘ಮಾಡಬಹುದು’ ಇದ್ದದ್ದು ‘ಮಾಡತಕ್ಕದ್ದು’ ಆದರೂ ಹಾಗೆಯೇ. ಉತ್ತರ ಅದೇ ಉಳಿದು ವಾಕ್ಯ ಮಾತ್ರ ಕುಂಟುತ್ತಿದ್ದರೆ ಅದು ಶೈಲಿ, ಬಿಡುವಿದ್ದರೆ ತಿದ್ದು.

ವಿಸ್ತೀರ್ಣವನ್ನೇ ನೋಡು. ನಮ್ಮ ಕಡೆ 2-20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ. ಅದು ‘2.20 ಎಕರೆ’ ಆಯಿತೆನ್ನು. ಎಕರೆಗೆ ನಲವತ್ತು ಗುಂಟೆಯ ಲೆಕ್ಕದಲ್ಲಿ ಅದು ಎರಡು ಎಕರೆ ಎಂಟು ಗುಂಟೆ. ಒಂದು ಚುಕ್ಕೆಗೆ ಹನ್ನೆರಡು ಗುಂಟೆ ಹೋಯಿತು. ಹಿಂದಿನ ಪತ್ರ ಬರಹಗಾರರ ಕನ್ನಡವನ್ನು ನಿಮ್ಮ ಪೀಳಿಗೆ ಗೇಲಿ ಮಾಡುತ್ತದೆ: ಪುಟವಿಡೀ ಒಂದೇ ವಾಕ್ಯ, ಹೆಜ್ಜೆಗೊಂದು ‘ಸದರಿ’. ಆದರೆ ಅವರು ವಿಸ್ತೀರ್ಣವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುತ್ತಿದ್ದರು, ಸರ್ವೆ ನಂಬರಿನ ಜೊತೆಗೆ ನಾಲ್ಕು ದಿಕ್ಕಿನ ಚಕ್ಕುಬಂದಿಯನ್ನೂ ಕೊಡುತ್ತಿದ್ದರು. ಒಂದು ಕಡೆ ಕೈ ತಪ್ಪಿದರೆ ಇನ್ನೊಂದು ಕಡೆ ಸಿಕ್ಕಿಬೀಳುತ್ತಿತ್ತು. ಬೇಸರ ತರಿಸುವ ಆ ‘ಸದರಿ’ ಕೂಡ ಮೇಲೆ ಹೇಳಿದ ಅದೇ ಆಸಾಮಿ, ಅದೇ ಸ್ವತ್ತು ಎಂದು ಕಟ್ಟಿಹಾಕುತ್ತಿತ್ತು.

ಶೈಲಿಗೂ ಬೆಲೆಯಿದೆಯಲ್ಲ ಎನ್ನುತ್ತೀಯ. ಇದೆ, ಒಪ್ಪಿದೆ. ಕೊಳ್ಳುವವನು ಒಂದು ಕಲಮಿನಲ್ಲಿ ‘ಖರೀದಿದಾರ’, ಮುಂದಿನದರಲ್ಲಿ ‘ಕ್ರಯದಾರ’, ಮತ್ತೊಂದರಲ್ಲಿ ‘ಎರಡನೇ ಪಾರ್ಟಿ’ ಆದರೆ ಮೂವರಿದ್ದಾರೇನೋ ಎಂಬ ಅನುಮಾನ ಹುಟ್ಟುತ್ತದೆ. ಅಲ್ಲಿ ಶೈಲಿಯ ದೋಷವೇ ಗಂಭೀರವಾಯಿತು. ಕಥೆಯಲ್ಲಿ ಪದ ಬದಲಿಸಿದರೆ ಚೆಂದ, ಕರಾರಿನಲ್ಲಿ ಬೇಡ. ಭಿನ್ನಾಭಿಪ್ರಾಯ ಬಂದರೆ ಇಂಗ್ಲಿಷ್ ಪ್ರತಿಯೇ ಅಂತಿಮ ಎಂಬ ಕಲಮಿದೆಯಲ್ಲ ಎಂದೂ ಕೇಳಬಹುದು. ಆ ಕಲಮು ಕೆಲಸಕ್ಕೆ ಬರುವುದು ಜಗಳ ಹತ್ತಿದ ಮೇಲೆ. ಕನ್ನಡ ಮಾತ್ರ ಬಲ್ಲ ರೈತ ರುಜು ಹಾಕುವುದು ನೀನು ತಿದ್ದಿದ ಪ್ರತಿಯನ್ನು ನಂಬಿ.

ಗದರಿದೆನೆಂದು ಬೇಜಾರು ಮಾಡಿಕೊಳ್ಳಬೇಡಪ್ಪ, ನಿನ್ನ ಕನ್ನಡ ಚೆನ್ನಾಗಿಯೇ ಇದೆ. ಅರ್ಥ, ಶೈಲಿ ಎರಡನ್ನೂ ನೋಡಲು ಸಮಯವಿದ್ದರೆ ಎರಡನ್ನೂ ಮಾಡು. ಸಂಜೆಯೊಳಗೆ ಕಳಿಸು ಎಂದು ಅವಸರಿಸಿದರೆ ವಾಕ್ಯಗಳು ಒರಟಾಗಿಯೇ ಇರಲಿ. ಅಂಕಿ, ತಾರೀಖು, ‘ಹೊರತು’, ‘ಅಲ್ಲ’, ‘ತಕ್ಕದ್ದು’ ಇಷ್ಟನ್ನು ಮೂಲದೊಂದಿಗೆ ಹೋಲಿಸದೆ ಮಾತ್ರ ಕಳಿಸಬೇಡ. ಮುಂಗಡದ ಕಲಮನ್ನು ಇವತ್ತೇ ಸರಿಪಡಿಸು.