‘ಸರ್’ ಎಂದರೆ ಸಾಲದು, ಕ್ರಿಯಾಪದ ನೋಡಿ



ಪ್ರಥಮ ಪಿಯುಸಿ ಹುಡುಗನೊಬ್ಬ ತನ್ನ ಉಪನ್ಯಾಸಕರಿಗೆ ವಾಟ್ಸಾಪ್‌ನಲ್ಲಿ ಹೀಗೆ ಬರೆದಿದ್ದ: “ಅಸ್ಸಲಾಮು ಅಲೈಕುಂ ಸರ್. ನಾಳೆ ಬರ್ತೀಯಾ? ರೆಕಾರ್ಡ್‌ಗೆ ಸಹಿ ಬೇಕು. ಬೇಗ ಹೇಳು.” ಉಪನ್ಯಾಸಕರು ಓದಿದರು, ಉತ್ತರಿಸಲಿಲ್ಲ. ಹುಡುಗ ಉತ್ತರಕ್ಕೆ ಕಾದ. ರೆಕಾರ್ಡ್ ಒಪ್ಪಿಸುವ ಕೊನೆಯ ದಿನವೂ ಸಹಿ ಆಗಿರಲಿಲ್ಲ. ಕೇಳಿದಾಗ ಗೊತ್ತಾಯಿತು, ಅವನಿಗೆ ಅಹಂಕಾರವೇನೂ ಇರಲಿಲ್ಲ. ಮೊದಲು ಗೆಳೆಯನಿಗೆ ಬರೆದ ಸಂದೇಶವನ್ನೇ ನಕಲು ಮಾಡಿ, ಮೇಲೆ ಸಲಾಂ ಮತ್ತು ‘ಸರ್’ ಸೇರಿಸಿ ಕಳಿಸಿದ್ದ. ಗೌರವವೆಲ್ಲ ಆ ಎರಡು ಮಾತಿನಲ್ಲಿ ಬಂತು ಎಂದುಕೊಂಡಿದ್ದ.

ಕನ್ನಡದಲ್ಲಿ ಹಾಗಾಗುವುದಿಲ್ಲ. ನಾವು ಸಂದೇಶ ಬರೆಯುವಾಗ ‘ನೀನು’, ‘ನೀವು’ ಎಂಬ ಪದಗಳನ್ನು ಹೆಚ್ಚಾಗಿ ಬಿಟ್ಟೇ ಬಿಡುತ್ತೇವೆ. ಆಗ ಓದುವವರಿಗೆ ಉಳಿಯುವ ಗುರುತು ಕ್ರಿಯಾಪದದ ಕೊನೆಯ ಅಕ್ಷರ ಮಾತ್ರ. ‘ಬರ್ತೀಯಾ’ ಎಂದರೆ ನೀನು, ‘ಬರ್ತೀರಾ’ ಎಂದರೆ ನೀವು. ‘ಹೇಳು, ಕಳಿಸು, ಮರೆಯಬೇಡ’ ಗೆಳೆಯನಿಗೆ. ‘ಹೇಳಿ, ಕಳಿಸಿ, ಮರೆಯಬೇಡಿ’ ಹಿರಿಯರಿಗೆ. ಉತ್ತರ ಕರ್ನಾಟಕದವರು ‘ಹೇಳ್ರಿ, ಬರ್ರಿ’ ಎನ್ನುತ್ತಾರೆ, ಅದೂ ಗೌರವದ ರೂಪವೇ. ‘ಸರ್, ನೀವು ಯಾವಾಗ ಬರ್ತೀಯಾ’ ಎಂಬ ಅರೆಬರೆ ವಾಕ್ಯದಲ್ಲಿ ಓದುವವರ ಕಣ್ಣು ನಿಲ್ಲುವುದು ಕೊನೆಯ ‘ಯಾ’ ಮೇಲೆ.

ಮನೆಯಲ್ಲಿ ಉರ್ದು ಮಾತನಾಡುವವರಿಗೆ ಇಲ್ಲೊಂದು ತೊಡಕಿದೆ. ಉರ್ದುವಿನಲ್ಲಿ ‘ತೂ, ತುಮ್, ಆಪ್’ ಎಂದು ಮೂರು ಮೆಟ್ಟಿಲು. ಕನ್ನಡದಲ್ಲಿ ದಿನಬಳಕೆಗೆ ಇರುವುದು ಎರಡೇ. ನಡುವಿನ ‘ತುಮ್’ ಅನ್ನು ಕನ್ನಡಕ್ಕೆ ತರುವಾಗ ಕೈ ತಾನಾಗಿ ‘ನೀನು’ ಕಡೆ ಹೋಗುತ್ತದೆ. ವಯಸ್ಸಿನಲ್ಲಿ ದೊಡ್ಡವರಾದ ಅಂಗಡಿಯವರು, ಆಟೋದವರು, ಕಚೇರಿಯ ಸಿಬ್ಬಂದಿ, ಇವರಿಗೆಲ್ಲ ಕನ್ನಡದಲ್ಲಿ ‘ನೀವು’ ಎಂದೇ ಬರೆಯಬೇಕು.

ಆ ಹುಡುಗನ ಸಂದೇಶವನ್ನು ಈಗ ತಿದ್ದೋಣ. “ಅಸ್ಸಲಾಮು ಅಲೈಕುಂ ಸರ್. ನಾನು ಪ್ರಥಮ ಪಿಯುಸಿ ವಿಜ್ಞಾನ ‘ಬಿ’ ವಿಭಾಗದವನು. ನಾಳೆ ಕಾಲೇಜಿಗೆ ಬರ್ತೀರಾ ಸರ್? ರೆಕಾರ್ಡ್‌ಗೆ ನಿಮ್ಮ ಸಹಿ ಬೇಕಿತ್ತು. ಯಾವಾಗ ಬರಲಿ ಎಂದು ತಿಳಿಸಿ.” ‘ಯಾ’ ಹೋಗಿ ‘ರಾ’ ಬಂತು, ‘ಹೇಳು’ ಹೋಗಿ ‘ತಿಳಿಸಿ’ ಬಂತು. ‘ಬೇಕು’ ಎಂಬ ಒತ್ತಾಯದ ಮಾತು ‘ಬೇಕಿತ್ತು’ ಆದಾಗ ಕೋರಿಕೆಯಾಯಿತು. ‘ಬೇಗ’ ತೆಗೆದೆವು, ಏಕೆಂದರೆ ಹಿರಿಯರಿಗೆ ನಾವು ಅವಸರ ಮಾಡುವುದಿಲ್ಲ. ‘ಕಳಿಸಿ’ ಎಂಬುದು ಗೌರವದ ರೂಪವೇ ಆದರೂ ಅದು ಆಜ್ಞೆಯೇ. ದೊಡ್ಡ ಸಹಾಯ ಕೇಳುವಾಗ ‘ಕಳಿಸ್ತೀರಾ?’ ಎಂದು ಪ್ರಶ್ನೆಯಾಗಿ ಕೇಳಿದರೆ ಇನ್ನೂ ಮೃದು.

ಹಿರಿಯರ ಬಗ್ಗೆ ಬರೆಯುವಾಗಲೂ ಇದೇ ಎಚ್ಚರ ಬೇಕು. ಮನೆಯಲ್ಲಿ ಅಮ್ಮನನ್ನು ‘ನೀನು’ ಎನ್ನುವುದು ಸಲುಗೆ, ತಪ್ಪಲ್ಲ. ಆದರೆ ಉಪನ್ಯಾಸಕರಿಗೆ ರಜೆ ಕೇಳುವಾಗ ‘ಅಮ್ಮ ಆಸ್ಪತ್ರೆಯಲ್ಲಿ ಇದ್ದಾಳೆ’ ಎನ್ನದೆ ‘ಇದ್ದಾರೆ’ ಎನ್ನಿ.

ಹಾಗೆಂದು ಎಲ್ಲರಿಗೂ ‘ನೀವು’ ಹಚ್ಚಬೇಡಿ. ದಿನವೂ ‘ಏನೋ’, ‘ಏನೇ’ ಎನ್ನುವ ಗೆಳೆಯ ಗೆಳತಿಗೆ ಒಂದು ದಿನ ‘ನೀವು ಬರ್ತೀರಾ?’ ಎಂದು ಬರೆದು ನೋಡಿ. ‘ಯಾಕೆ, ಕೋಪನಾ?’ ಎಂದು ಮರುಕ್ಷಣವೇ ಕೇಳುತ್ತಾರೆ. ಆಪ್ತರ ನಡುವೆ ‘ನೀವು’ ಬಂದರೆ ದೂರ ಬಂದಂತೆ. ಪರಿಚಯವಿಲ್ಲದ ಸಹಪಾಠಿಗೆ, ಒಂದು ವರ್ಷ ಹಿರಿಯರಾದವರಿಗೆ ‘ನೀವು’ ಎಂದೇ ಶುರು ಮಾಡಿ. ‘ನೀನು ಅಂದರೆ ಸಾಕು’ ಎಂದು ಅವರು ಹೇಳಿದ ಮೇಲೆ ಇಳಿಯುವುದು ಸುಲಭ. ‘ನೀನು’ ಎಂದು ಶುರು ಮಾಡಿ ಆಮೇಲೆ ಏರುವುದು ಇಬ್ಬರಿಗೂ ಮುಜುಗರ. ಉಪನ್ಯಾಸಕರೂ ಇರುವ ತರಗತಿ ಗುಂಪಿನಲ್ಲಿ ‘ಯಾರಾದರೂ ನೋಟ್ಸ್ ಕಳಿಸಿ’ ಎಂದರೆ ಎಲ್ಲರಿಗೂ ಸರಿಹೊಂದುತ್ತದೆ.

ಕಳಿಸುವ ಮುಂಚೆ ಮಾಡಬೇಕಾದ್ದು ಇಷ್ಟೇ: ಓದುವವರು ಮಾಡಬೇಕಾದ ಅಥವಾ ಮಾಡಿದ ಕೆಲಸವನ್ನು ಹೇಳುವ ಕ್ರಿಯಾಪದಗಳನ್ನು ಹುಡುಕಿ, ಪ್ರತಿಯೊಂದರ ಕೊನೆಯನ್ನೂ ನೋಡಿ. ಗೆಳೆಯರಿಗೆ ಬರೆದದ್ದನ್ನು ನಕಲು ಮಾಡಿದ್ದರಂತೂ ಬಿಡಲೇಬೇಡಿ. ತಪ್ಪು ಹೋಗಿಬಿಟ್ಟರೆ ವಾಟ್ಸಾಪ್‌ನಲ್ಲಿ 15 ನಿಮಿಷದೊಳಗೆ ತಿದ್ದಬಹುದು. ಅಷ್ಟರಲ್ಲಿ ಅವರು ಓದಿಬಿಟ್ಟಿದ್ದರೆ ಸುಮ್ಮನಿರಬೇಡಿ, ‘ಕ್ಷಮಿಸಿ ಸರ್, ಗೆಳೆಯನಿಗೆ ಬರೆದದ್ದು ಹಾಗೆಯೇ ಬಂದುಬಿಟ್ಟಿತು’ ಎಂದು ಒಂದು ಸಾಲು ಬರೆಯಿರಿ. ಆ ಹುಡುಗ ಅಂದೇ ಆ ಒಂದು ಸಾಲು ಬರೆದಿದ್ದರೆ ಅವನ ರೆಕಾರ್ಡ್‌ಗೆ ಸಹಿ ಬೀಳುತ್ತಿತ್ತು.