ಮೈಂಡ್‌ಟ್ರೀ ಕೈಬದಲಾದಾಗ: ಷೇರು ಪಾಲಿನ ಅಂಕಿ ಮತ್ತು ಹಿಡಿತ

ಕಂಪನಿಯೊಂದರಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಶೇಕಡಾವಾರು ಅಂಕಿಯಲ್ಲಿ ಹೇಳುವುದು ಸುಲಭ. ಆದರೆ ಆ ಅಂಕಿಯಿಂದ ಯಾವ ಅಧಿಕಾರ ಕೈಗೆ ಬರುತ್ತದೆ ಎಂಬುದು ಕಾನೂನು ಹಾಕಿರುವ ಕೆಲವು ಗಡಿಗಳನ್ನೂ, ಉಳಿದ ಷೇರುಗಳು ಯಾರ ಯಾರ ಬಳಿ ಹೇಗೆ ಹಂಚಿಹೋಗಿವೆ ಎಂಬುದನ್ನೂ ಅವಲಂಬಿಸಿದೆ. ಬೆಂಗಳೂರಿನ ಮೈಂಡ್‌ಟ್ರೀ ಕಂಪನಿಯನ್ನು ಲಾರ್ಸೆನ್ ಅಂಡ್ ಟೂಬ್ರೊ (ಎಲ್‌ ಅಂಡ್ ಟಿ) 2019ರಲ್ಲಿ ತನ್ನದಾಗಿಸಿಕೊಂಡ ಪ್ರಕರಣದಲ್ಲಿ ಈ ಗಡಿಗಳೆಲ್ಲ ಕೆಲವೇ ತಿಂಗಳುಗಳ ಅವಧಿಯಲ್ಲಿ ಒಂದರ ಹಿಂದೊಂದು ಎದುರಾದವು.

ಆ ವರ್ಷದ ಆರಂಭದಲ್ಲಿ ಮೈಂಡ್‌ಟ್ರೀಯ ಪ್ರವರ್ತಕರು, ಅಂದರೆ ಕಂಪನಿಯನ್ನು ಕಟ್ಟಿ ನಡೆಸುತ್ತಿದ್ದವರೆಂದು ದಾಖಲೆಗಳಲ್ಲಿ ಗುರುತಿಸಲಾದವರು, ಹೊಂದಿದ್ದ ಪಾಲು ಶೇ 13.32 ಮಾತ್ರ. ಅವರಿಗಿಂತ ದೊಡ್ಡ ಪಾಲು ಉದ್ಯಮಿ ವಿ.ಜಿ. ಸಿದ್ಧಾರ್ಥ ಮತ್ತು ಅವರ ಕಾಫಿ ಡೇ ಸಮೂಹದ ಬಳಿ ಇತ್ತು. ಅದು ಶೇ 20.32. ಆದರೂ ಕಂಪನಿಯ ಆಡಳಿತ ಸ್ಥಾಪಕರ ಕೈಯಲ್ಲೇ ಇತ್ತು. ಉಳಿದ ಮೂರನೇ ಎರಡರಷ್ಟು ಷೇರುಗಳು ಮ್ಯೂಚುವಲ್ ಫಂಡ್‌ಗಳು, ವಿದೇಶಿ ಹೂಡಿಕೆ ಸಂಸ್ಥೆಗಳು ಮತ್ತು ಸಣ್ಣ ಹೂಡಿಕೆದಾರರಲ್ಲಿ ಚದುರಿಹೋಗಿದ್ದು, ಅವರಲ್ಲಿ ಯಾರೂ ಕಂಪನಿಯನ್ನು ತಾವೇ ನಡೆಸಬೇಕೆಂದು ಮುಂದೆ ಬಂದಿರಲಿಲ್ಲ. ಷೇರುಗಳು ಹೀಗೆ ಚದುರಿರುವವರೆಗೆ ಸಣ್ಣ ಪಾಲಿನವರ ಹಿಡಿತಕ್ಕೆ ಧಕ್ಕೆ ಬರುವುದಿಲ್ಲ, ಆದರೆ ಯಾರಾದರೂ ಅವನ್ನು ಒಟ್ಟುಗೂಡಿಸಲು ಹೊರಟರೆ ಆ ಹಿಡಿತಕ್ಕೆ ಕಾನೂನಿನ ಆಸರೆ ಬಹಳ ಕಡಿಮೆ.

2019ರ ಮಾರ್ಚ್ 18ರಂದು ಎಲ್‌ ಅಂಡ್ ಟಿ ಸಿದ್ಧಾರ್ಥ ಅವರ ಶೇ 20.32ರ ಪಾಲನ್ನು ಷೇರಿಗೆ 980 ರೂಪಾಯಿಯಂತೆ ಕೊಳ್ಳುವ ಒಪ್ಪಂದವನ್ನು ಪ್ರಕಟಿಸಿತು. ಭಾರತದ ಕಂಪನಿ ಕಾಯ್ದೆ, 2013ರ ಪ್ರಕಾರ ಒಟ್ಟು ಮತದಾನದ ಹಕ್ಕಿನಲ್ಲಿ ಕನಿಷ್ಠ ಶೇ 20 ಒಬ್ಬರ ಹತೋಟಿಯಲ್ಲಿದ್ದರೆ ಅದನ್ನು ಗಣನೀಯ ಪ್ರಭಾವ ಎನ್ನಲಾಗುತ್ತದೆ. ಪಾಲು ಹೊಂದಿದವರು ಕಂಪನಿಯಾಗಿದ್ದರೆ, ಆ ಇನ್ನೊಂದು ಕಂಪನಿ ಅದರ ಸಹವರ್ತಿ ಕಂಪನಿ ಎನಿಸಿಕೊಳ್ಳುತ್ತದೆ. ನೀತಿ ನಿರ್ಧಾರಗಳಲ್ಲಿ ಮಾತು ನಡೆಯುತ್ತದೆ, ಆದರೆ ಕೊನೆಯ ತೀರ್ಮಾನ ಕೈಯಲ್ಲಿಲ್ಲ ಎಂಬುದು ಈ ಸ್ಥಿತಿಯ ತಿರುಳು. ಲೆಕ್ಕಪತ್ರ ಮಾನದಂಡಗಳು ಶೇ 20ನ್ನು ಇಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಅವುಗಳ ದೃಷ್ಟಿಯಲ್ಲಿ ಅದು ಒಂದು ಪೂರ್ವಭಾವನೆ ಮಾತ್ರ. ಶೇ 15ರ ಪಾಲಿದ್ದರೂ ನಿರ್ದೇಶಕ ಮಂಡಳಿಯಲ್ಲಿ ಕುರ್ಚಿಯೊಂದು ಸಿಕ್ಕಿದ್ದರೆ ಪ್ರಭಾವ ಇದೆ ಎಂದು ತೋರಿಸಬಹುದು, ಶೇ 22 ಇದ್ದೂ ಯಾವ ತೀರ್ಮಾನದಲ್ಲೂ ಪಾತ್ರವಿಲ್ಲದಿದ್ದರೆ ಇಲ್ಲವೆಂದೂ ತೋರಿಸಬಹುದು.

ಶೇ 20.32ರ ನಿಜವಾದ ಬಲ ಕಾಣುವುದು ವಿಶೇಷ ನಿರ್ಣಯದ ಲೆಕ್ಕದಲ್ಲಿ. ಕಂಪನಿಯ ಸಂಸ್ಥಾಪನಾ ನಿಯಮಗಳ ತಿದ್ದುಪಡಿಯಂಥ ದೊಡ್ಡ ವಿಷಯಗಳಿಗೆ ಸಾಮಾನ್ಯ ಬಹುಮತ ಸಾಲದು. ಪರವಾದ ಮತಗಳು ವಿರೋಧದ ಮತಗಳ ಕನಿಷ್ಠ ಮೂರು ಪಟ್ಟು ಇರಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ಚಲಾವಣೆಯಾದ ಮತಗಳೇ ಹೊರತು ಕಂಪನಿಯ ಒಟ್ಟು ಷೇರುಗಳಲ್ಲ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಒಟ್ಟು ಷೇರುಗಳಲ್ಲಿ ಶೇ 80ರಷ್ಟಕ್ಕೆ ಮತ ಬಿತ್ತು ಎಂದು ಇಟ್ಟುಕೊಂಡರೆ, ಶೇ 20.32ರ ಪಾಲುದಾರ ವಿರೋಧಿಸಿದಾಗ ಉಳಿದವರೆಲ್ಲರೂ ಒಂದಾಗಿ ಪರವಾಗಿ ನಿಂತರೂ ಅವರ ಮತ ಶೇ 59.68 ಆಗುತ್ತದೆ, ಬೇಕಾಗಿರುವುದು 20.32ರ ಮೂರು ಪಟ್ಟು, ಅಂದರೆ ಶೇ 60.96. ನಿರ್ಣಯ ಬೀಳುತ್ತದೆ. ಮತದಾನದ ಪ್ರಮಾಣ ಶೇ 81.28ಕ್ಕಿಂತ ಕಡಿಮೆ ಇರುವ ಪ್ರತಿಯೊಂದು ಸಭೆಯಲ್ಲೂ ಆ ಒಬ್ಬ ಪಾಲುದಾರ ಒಂಟಿಯಾಗಿಯೇ ವಿಶೇಷ ನಿರ್ಣಯವನ್ನು ತಡೆಯಬಲ್ಲ. ತಡೆಯುವ ಶಕ್ತಿಗೆ ಶೇ 25ಕ್ಕಿಂತ ಹೆಚ್ಚು ಬೇಕು ಎಂಬ ಮಾತು ಎಲ್ಲರೂ ಮತ ಹಾಕುವ ಕಂಪನಿಗೆ ಸರಿಯೇ, ಆದರೆ ಅಂಥ ಕಂಪನಿ ಷೇರುಪೇಟೆಯಲ್ಲಿ ಸಿಗುವುದು ಅಪರೂಪ. ಇದೇ ಲೆಕ್ಕದಲ್ಲಿ ಶೇ 13.32 ಹೊಂದಿದ್ದ ಸ್ಥಾಪಕರು ಒಂಟಿಯಾಗಿ ತಡೆಯಬೇಕಾದರೆ ಮತದಾನ ಶೇ 53.28ಕ್ಕಿಂತ ಕೆಳಗಿರಬೇಕಾಗಿತ್ತು.

ಎಲ್‌ ಅಂಡ್ ಟಿ ಅಷ್ಟಕ್ಕೇ ನಿಲ್ಲಲಿಲ್ಲ. ಮಾರುಕಟ್ಟೆಯಲ್ಲಿ ಶೇ 15ರವರೆಗೆ ಕೊಳ್ಳುವುದಾಗಿಯೂ, ಸಾರ್ವಜನಿಕ ಷೇರುದಾರರಿಂದ ಶೇ 31ರವರೆಗೆ ಕೊಳ್ಳಲು ಮುಕ್ತ ಕೊಡುಗೆ ನೀಡುವುದಾಗಿಯೂ ಹೇಳಿತು. ಸೆಬಿಯ 2011ರ ಸ್ವಾಧೀನ ನಿಯಮಗಳ ಪ್ರಕಾರ ಒಬ್ಬರ ಮತದಾನದ ಹಕ್ಕು ಶೇ 25ನ್ನು ಮುಟ್ಟಿದರೆ, ಅಥವಾ ಕಂಪನಿಯ ಹತೋಟಿಯೇ ಅವರ ಕೈಸೇರಿದರೆ, ಉಳಿದ ಷೇರುದಾರರಿಂದ ಕನಿಷ್ಠ ಶೇ 26ನ್ನು ಕೊಳ್ಳುವ ಕೊಡುಗೆಯನ್ನು ಅವರು ಮುಂದಿಡಲೇಬೇಕು. ಯಜಮಾನ ಬದಲಾಗುವಾಗ ದೊಡ್ಡ ಪಾಲುದಾರನಿಗೆ ಮಾತ್ರ ಒಳ್ಳೆಯ ಬೆಲೆ ಸಿಕ್ಕಿ ಸಣ್ಣವರು ಹಿಂದೆ ಉಳಿಯಬಾರದು ಎಂಬುದೇ ಇದರ ಉದ್ದೇಶ. ಮೈಂಡ್‌ಟ್ರೀಯಲ್ಲಿ ಸಣ್ಣ ಹೂಡಿಕೆದಾರರಿಗೂ ಅದೇ 980 ರೂಪಾಯಿಯ ಬೆಲೆ ಮುಂದಿಡಲಾಯಿತು. ಸ್ಥಾಪಕರು ಈ ಸ್ವಾಧೀನವನ್ನು ಬಹಿರಂಗವಾಗಿ ವಿರೋಧಿಸಿದರು. ಷೇರು ಮರುಖರೀದಿಯ ಪ್ರಸ್ತಾಪವೂ ನಿರ್ದೇಶಕ ಮಂಡಳಿಯ ಮುಂದೆ ಬಂತು. ಆದರೆ ಕೊಡುಗೆ ಜಾರಿಯಲ್ಲಿರುವಾಗ ಷೇರುದಾರರ ವಿಶೇಷ ನಿರ್ಣಯವಿಲ್ಲದೆ ಅಂಥ ಕ್ರಮಕ್ಕೆ ನಿಯಮಗಳು ಅವಕಾಶ ಕೊಡುವುದಿಲ್ಲ, ಮಂಡಳಿ ಮಾರ್ಚ್ 26ರಂದು ಅದನ್ನು ಕೈಬಿಟ್ಟಿತು.

ಜೂನ್ ಕೊನೆಗೆ ಕೊಡುಗೆ ಮುಗಿದಾಗ ಎಲ್‌ ಅಂಡ್ ಟಿ ಪಾಲು ಸುಮಾರು ಶೇ 60ಕ್ಕೆ ತಲುಪಿತ್ತು. ಅರ್ಧಕ್ಕಿಂತ ಹೆಚ್ಚು ಮತದಾನದ ಹಕ್ಕು ಕೈಯಲ್ಲಿದ್ದರೆ, ಅಥವಾ ನಿರ್ದೇಶಕ ಮಂಡಳಿಯಲ್ಲಿ ಯಾರಿರಬೇಕೆಂದು ನಿರ್ಧರಿಸುವ ಹತೋಟಿ ಇದ್ದರೆ, ಆ ಕಂಪನಿ ಅಂಗಸಂಸ್ಥೆ ಎನಿಸುತ್ತದೆ. ನಿರ್ದೇಶಕರ ನೇಮಕ ಮತ್ತು ವಜಾ ಸಾಮಾನ್ಯ ನಿರ್ಣಯದಿಂದ, ಅಂದರೆ ಚಲಾವಣೆಯಾದ ಮತಗಳ ಸರಳ ಬಹುಮತದಿಂದ ಆಗುವುದರಿಂದ, ಬಹುಮತದ ಪಾಲು ಇರುವವರನ್ನು ಈ ವಿಷಯದಲ್ಲಿ ಉಳಿದವರೆಲ್ಲ ಸೇರಿದರೂ ಸೋಲಿಸಲಾಗದು. ಜುಲೈ ಮೊದಲ ವಾರದಲ್ಲೇ ಆಡಳಿತದ ಹೊಣೆ ಹೊತ್ತಿದ್ದ ಮೂವರು ಸ್ಥಾಪಕರು ರಾಜೀನಾಮೆ ಸಲ್ಲಿಸಿದರು. ಹಾಗೆಂದು ಶೇ 60 ಎಂಬುದು ಸಂಪೂರ್ಣ ಅಧಿಕಾರವಲ್ಲ: ಉಳಿದ ಶೇ 40ರಲ್ಲಿ ಅರ್ಧದಷ್ಟು, ಅಂದರೆ ಒಟ್ಟು ಷೇರುಗಳ ಶೇ 20ಕ್ಕಿಂತ ಹೆಚ್ಚು ವಿರೋಧವಾಗಿ ಬಿದ್ದರೆ ಮತ್ತು ಮಿಕ್ಕವರು ಸುಮ್ಮನಿದ್ದರೆ ವಿಶೇಷ ನಿರ್ಣಯ ಸೋಲುತ್ತದೆ. ಬಹುಮತದ ಒಡೆಯರೂ ಇಂಥ ಸಂದರ್ಭದಲ್ಲಿ ಮ್ಯೂಚುವಲ್ ಫಂಡ್‌ಗಳ ಮನವೊಲಿಸಬೇಕಾಗುತ್ತದೆ.

ಹೂಡಿಕೆದಾರರ ಕಣ್ಣಿಗೆ ಈ ಗಡಿಗಳು ಲೆಕ್ಕಪತ್ರದಲ್ಲೂ ಕಾಣುತ್ತವೆ, ಅಲ್ಲೇ ಹೆಚ್ಚು ಗೊಂದಲವೂ ಆಗುತ್ತದೆ. ಕಂಪನಿಯೊಂದು 100 ರೂಪಾಯಿ ಲಾಭ ಗಳಿಸಿತು ಎನ್ನೋಣ. ಪ್ರಭಾವವಿಲ್ಲದ ಶೇ 10ರ ಪಾಲುದಾರ ಕಂಪನಿಗೆ ಆ ಲಾಭ ಪುಸ್ತಕದಲ್ಲಿ ಕಾಣುವುದೇ ಇಲ್ಲ, ಬಂದ ಲಾಭಾಂಶ ಮಾತ್ರ ಆದಾಯವಾಗುತ್ತದೆ. ಶೇ 30 ಇದ್ದರೆ ಸಹವರ್ತಿ ಕಂಪನಿಯ ಲಾಭದ ಪಾಲು ಎಂದು 30 ರೂಪಾಯಿ ಒಂದೇ ಸಾಲಿನಲ್ಲಿ ಸೇರುತ್ತದೆ. ಶೇ 60 ಇದ್ದರೆ ಮಾರಾಟ, ವೆಚ್ಚ, ಸಾಲ ಎಲ್ಲವೂ ಪೂರ್ತಿಯಾಗಿ ಒಡೆಯ ಕಂಪನಿಯ ಕ್ರೋಡೀಕೃತ ಲೆಕ್ಕಕ್ಕೆ ಸೇರಿ, ಕೊನೆಯಲ್ಲಿ 40 ರೂಪಾಯಿಯನ್ನು ಹತೋಟಿಯಿಲ್ಲದವರ ಪಾಲು ಎಂದು ಬೇರ್ಪಡಿಸಲಾಗುತ್ತದೆ. ಸಮೂಹದ ವಹಿವಾಟು ಒಂದೇ ವರ್ಷದಲ್ಲಿ ಹಿಗ್ಗಿದೆ ಎಂದು ಹಿಗ್ಗುವ ಮುನ್ನ, ಯಾವುದಾದರೂ ಕಂಪನಿ ಸಹವರ್ತಿಯಿಂದ ಅಂಗಸಂಸ್ಥೆಯ ಸಾಲಿಗೆ ಬಂದಿದೆಯೇ ಎಂದು ನೋಡುವುದು ಒಳ್ಳೆಯದು.

ಪಟ್ಟಿಯಾದ ಪ್ರತಿಯೊಂದು ಕಂಪನಿಯೂ ಮೂರು ತಿಂಗಳಿಗೊಮ್ಮೆ ತನ್ನ ಷೇರು ಹಂಚಿಕೆಯ ವಿವರವನ್ನು ಷೇರುಪೇಟೆಗಳಿಗೆ ಸಲ್ಲಿಸುತ್ತದೆ. ಬಹುಪಾಲು ಓದುಗರು ಅದರಲ್ಲಿ ಪ್ರವರ್ತಕರ ಅಂಕಿಯೊಂದನ್ನೇ ನೋಡಿ ಮುಚ್ಚುತ್ತಾರೆ. ಈ ಅಂಕಣಕಾರರ ರೂಢಿ ಬೇರೆ: ಸಾರ್ವಜನಿಕ ಷೇರುದಾರರ ಭಾಗದಲ್ಲಿ ಶೇ 1ಕ್ಕಿಂತ ಹೆಚ್ಚು ಪಾಲು ಇರುವವರ ಹೆಸರುಗಳನ್ನು ಓದಿ, ಅವುಗಳ ಮೊತ್ತವನ್ನು ಪ್ರವರ್ತಕರ ಪಾಲಿನ ಪಕ್ಕದಲ್ಲಿಟ್ಟು ನೋಡಿ, ಆಮೇಲೆ ಹಿಂದಿನ ವಾರ್ಷಿಕ ಸಭೆಯಲ್ಲಿ ಒಟ್ಟು ಎಷ್ಟು ಮತ ಬಿದ್ದಿತ್ತು ಎಂದು ಹುಡುಕುವುದು.